ಅಜ್ಜಿಯ ಆರು ಸಾಲು, ನನ್ನ ಇಂಗ್ಲಿಷು

ಇಂಗ್ಲಿಷ್ ಬಲ್ಲವನೆಂದು ಹೆಸರು ಪಡೆದವನಿಗೆ ಮನೆಯಲ್ಲಿ ಸುಖವಿಲ್ಲ. ವಿಮೆಯ ಕಾಗದ, ಸೊಸೈಟಿಯ ನೋಟಿಸು, ಹೊಸ ಮಿಕ್ಸಿಯ ಜೊತೆ ಬಂದ ಪುಸ್ತಕ, ಎಲ್ಲವೂ ನನ್ನ ಮುಂದೆಯೇ ಬಂದು ಬೀಳುತ್ತವೆ. ಆಫೀಸಿನಲ್ಲಿ ಪತ್ರ ಬರೆದೇ ಸಂಬಳ ತಿನ್ನುವವನು ನಾನು; ಒಳಗೊಳಗೇ ಜಂಬವೂ ಇತ್ತು. ಅದನ್ನು ಇಳಿಸಿದ್ದು ನಮ್ಮಮ್ಮ ಬರೆದ ಆರು ಸಾಲು.

ಅಮ್ಮ ಇರುವುದು ಆಂಟಾಪ್ ಹಿಲ್‌ನಲ್ಲಿ, ಅಣ್ಣನ ಮನೆಯಲ್ಲಿ. ನಾವು ಅದೇ ಊರಿನ ಇನ್ನೊಂದು ತುದಿಯಲ್ಲಿ, ಮಲಾಡಿನಲ್ಲಿ. ವರ್ಷಕ್ಕೆರಡು ಸಲ ಮೈಸೂರಿಗೆ ಹೋಗಿಬರುವ ನನಗೆ ಆಂಟಾಪ್ ಹಿಲ್‌ಗೆ ಹೋಗಲು ಮಾತ್ರ ಪುರುಸೊತ್ತಾಗುವುದಿಲ್ಲ. ಮಗಳು ನಿಧಿಗೆ ಹದಿನಾರು ತುಂಬಿದ ದಿನ ಅಮ್ಮ ಅಣ್ಣನ ಕೈಯಲ್ಲಿ ಒಂದು ಡಬ್ಬ ನಿಪ್ಪಟ್ಟು ಕಳಿಸಿದರು. ಅದರೊಳಗೊಂದು ಚೀಟಿ. ನಿಧಿಗೆ ಕನ್ನಡ ಕೇಳಿದರೆ ಅರ್ಧಂಬರ್ಧ ತಿಳಿಯುತ್ತದೆ, ಓದುವುದೆಂದರೆ ಇಂಗ್ಲಿಷೇ. ಶಾಲೆಯಲ್ಲಿ ಕಲಿತ ಹಿಂದಿ, ಮರಾಠಿ ಪರೀಕ್ಷೆ ಮುಗಿದ ಸಂಜೆಯೇ ಮಾಯವಾಗುತ್ತವೆ.

“ಪಪ್ಪಾ, ಓದಿ ಹೇಳ್ಬೇಡಿ, ಇಂಗ್ಲಿಷಲ್ಲಿ ಬರ್ದು ಕೊಡಿ. ಕಪಾಟಿನ ಒಳಗೆ ಅಂಟಿಸ್ಕೋತೀನಿ” ಎಂದಳು.

ಚೀಟಿಯಲ್ಲಿ ಇದ್ದದ್ದು ಇಷ್ಟು: “ಚಿ. ಪುಟ್ಟಿಗೆ ಅಜ್ಜಿಯ ಆಶೀರ್ವಾದ. ನೂರು ವರ್ಷ ಸುಖವಾಗಿ ಬಾಳು, ನನ್ನ ತಾಯಿ. ತಲೆಗೆ ಎಣ್ಣೆ ಒತ್ತಿಕೊಂಡು ಸ್ನಾನ ಮಾಡು. ಭಾನುವಾರ ಗಸಗಸೆ ಪಾಯಸ ಮಾಡುತ್ತೇನೆ, ಬಾ. ನಿಮ್ಮಪ್ಪನನ್ನು ಕಾಯಬೇಡ. ಅವನಿಗೆ ಈ ಜನ್ಮದಲ್ಲಿ ಬಿಡುವಾಗುವುದಿಲ್ಲ.”

ಐದು ನಿಮಿಷದ ಕೆಲಸವೆಂದು ಕೂತವನು ಒಂದು ಗಂಟೆ ಕೂತೆ. ‘ಚಿರಂಜೀವಿ’ಯನ್ನು ಇದ್ದಂತೆ ಇಂಗ್ಲಿಷಿಗೆ ಇಳಿಸಿದರೆ ಸಾವಿಲ್ಲದವಳು ಎಂದಾಗುತ್ತದೆ, ಮಗಳು ಕಾರ್ಟೂನಿನ ಹೀರೋ ಆಗಿಬಿಡುತ್ತಾಳೆ. ಆದ್ದರಿಂದ ‘ಮೈ ಡಿಯರ್ ಗ್ರ್ಯಾಂಡ್‌ಡಾಟರ್’. ‘ನನ್ನ ತಾಯಿ’ ಇನ್ನೂ ಕಷ್ಟ. ಅಜ್ಜಿ ಮೊಮ್ಮಗಳನ್ನು ‘ಮೈ ಮದರ್’ ಎಂದರೆ ಓದಿದವರು ವಂಶವೃಕ್ಷ ಕೇಳುತ್ತಾರೆ. ‘ಡಾರ್ಲಿಂಗ್’ ಎನ್ನೋಣವೆಂದರೆ ನಮ್ಮಮ್ಮ ನಮ್ಮಪ್ಪನಿಗೂ ಹಾಗೆ ಅಂದವರಲ್ಲ. ಹೊಡೆದುಹಾಕಿದೆ. ನೂರು ವರ್ಷದ ಹಾರೈಕೆ ಅಂಗಡಿಯ ಕಾರ್ಡಿನ ‘ಮೆನಿ ಹ್ಯಾಪಿ ರಿಟರ್ನ್ಸ್’ ಆಯಿತು. ಎಣ್ಣೆಯ ಮಾತು ಇಂಗ್ಲಿಷಿನಲ್ಲಿ ಗ್ಯಾರೇಜಿನವನ ಸಲಹೆಯಂತೆ ಕೇಳಿಸಿದ್ದರಿಂದ ‘ಆರೋಗ್ಯ ನೋಡಿಕೋ’ ಎಂದು ಬರೆದೆ. ಇನ್ನು ಕೊನೆಯ ಎರಡು ಸಾಲು. ಅನುವಾದಕನನ್ನೇ ಬೈದಿರುವಾಗ ಅವನು ಏನು ಮಾಡಬೇಕು? ‘ಶೀಘ್ರದಲ್ಲೇ ಭೇಟಿಯಾಗೋಣ’ ಎಂದು ಮುಗಿಸಿದೆ. ಆ ಭರದಲ್ಲಿ ಪಾಯಸವೂ ಭಾನುವಾರವೂ ಕೊಚ್ಚಿಹೋದವು. ಪತ್ರ ಬೋಳಾಗಿ ಕಂಡಿದ್ದರಿಂದ ‘ನಿನ್ನ ಸಾಧನೆಗಳ ಬಗ್ಗೆ ನನಗೆ ಹೆಮ್ಮೆಯಿದೆ’ ಎಂದು ಕೈಯಿಂದ ಸೇರಿಸಿದೆ.

ನಿಧಿ ಓದಿದಳು. ಮುಖ ಸಪ್ಪಗಾಯಿತು. “ಇದು ಅಜ್ಜೀನೇ ಬರ್ದಿದ್ದಾ? ನಮ್ಮ ಪ್ರಿನ್ಸಿಪಾಲ್ ಥರ ಇದೆ” ಎಂದು ಮಡಿಸಿ ಪುಸ್ತಕದೊಳಗೆ ಇಟ್ಟಳು. ಕಪಾಟಿಗೆ ಅಂಟಿಸಲಿಲ್ಲ. ನನಗೆ ಕಸಿವಿಸಿಯಾಯಿತು.

ಶನಿವಾರ ಸಂಜೆ ಅಮ್ಮನ ಫೋನು. ಸ್ಪೀಕರ್ ಹಾಕಿದ್ದು ನನ್ನ ಗ್ರಹಚಾರ.

“ನಾಳೆ ಪುಟ್ಟಿ ಎಷ್ಟೊತ್ತಿಗೆ ಬರ್ತಾಳೋ? ಗಸಗಸೆ ಹುರಿದಿಟ್ಟಿದೀನಿ. ಬರ್ದಿದ್ನಲ್ಲ, ಓದಿ ಹೇಳ್ಲಿಲ್ವೇನೋ?”

ನಿಧಿ ನನ್ನನ್ನು ನೋಡಿದಳು. ನಾನು ಫ್ಯಾನು ನೋಡಿದೆ.

ಫೋನಿಟ್ಟ ಮೇಲೆ ಊಟದ ಮೇಜಿನ ಮೇಲೆ ಮರುವಿಚಾರಣೆ ನಡೆಯಿತು. ನಾನು ಒಂದೊಂದೇ ಸಾಲು ಓದಿ ಇದ್ದದ್ದು ಇದ್ದಂತೆ ಅರ್ಥ ಹೇಳಬೇಕು, ಅವಳು ಬರೆದುಕೊಳ್ಳಬೇಕು. ‘ಅಜ್ಜಿ’, ‘ಪುಟ್ಟಿ’, ‘ತಾಯಿ’ ಮೂರನ್ನೂ ಅವಳು ಇಂಗ್ಲಿಷ್ ಅಕ್ಷರದಲ್ಲಿ ಹಾಗೆಯೇ ಉಳಿಸಿದಳು. “ಅಜ್ಜಿ ನನ್ನನ್ನ ಹಂಗೇ ಕರೆಯೋದಲ್ವಾ, ಅದಕ್ಕೆ ಮೀನಿಂಗ್ ಯಾಕೆ?” ನೂರು ವರ್ಷ ನೂರಾಗಿಯೇ ಉಳಿಯಿತು. ಎಣ್ಣೆ ‘ಹೆಡ್’ನಿಂದ ‘ಹೇರ್’ಗೆ ಇಳಿದದ್ದೇ ತಡ, ಗ್ಯಾರೇಜಿನ ವಾಸನೆ ಹೋಯಿತು. ಗಸಗಸೆ ಪಾಯಸಕ್ಕೆ ಅನುವಾದ ಬೇಡವೆಂದಳು. ನನ್ನ ಹೆಮ್ಮೆಯ ಸಾಲು ಪೂರ್ತಿ ರದ್ದು. ಕೊನೆಯ ಎರಡು ಸಾಲನ್ನು ಮಾತ್ರ ಒಂದಕ್ಷರ ಬಿಡದೆ, ಬಹಳ ಖುಷಿಯಿಂದ ಬರೆದುಕೊಂಡಳು. ಅಮ್ಮನ ಚೀಟಿಯಲ್ಲಿ ಆರು ಸಾಲು, ಇಲ್ಲೂ ಆರು. ಓದಿದರೆ ಅಮ್ಮನೇ ಎದುರು ಕೂತು ಮಾತಾಡಿದಂತಿತ್ತು. ಅಂಟಿಸಿಯೂ ಆಯಿತು.

ಭಾನುವಾರ ಅವಳು ತಲೆಗೆ ಎಣ್ಣೆ ಒತ್ತಿ, ಮಿಂದು, ಒಬ್ಬಳೇ ಲೋಕಲ್ ಹತ್ತಿದಳು. ದಾದರ್‌ನಲ್ಲಿಳಿದು ಬಸ್ಸು. ನನಗೆ ಒಂದು ಅರ್ಜೆಂಟ್ ಫೈಲಿತ್ತು. ಸಂಜೆ ಬಂದವಳು ಪಾಯಸದ ವರ್ಣನೆ ಮುಗಿಸಿ ಹೇಳಿದಳು: “ಪಪ್ಪಾ, ಅಜ್ಜಿ ಎರಡು ಲೋಟ ಇಟ್ಟಿದ್ರು. ಒಂದು ನಂದು. ಇನ್ನೊಂದನ್ನ ಸಂಜೆವರೆಗೂ ಮುಚ್ಚೇ ಇಟ್ಟಿದ್ರು.”

ಬೈಗುಳವೆಂದು ನಾನು ಬಿಟ್ಟುಬಿಟ್ಟ ಸಾಲಿಗೆ ಅರ್ಥ ಆ ಮುಚ್ಚಿಟ್ಟ ಲೋಟವಾಗಿತ್ತು. ಆಗಲೇ ಫೋನು ಮಾಡಿದೆ. “ಅಮ್ಮಾ, ಮುಂದಿನ ಭಾನುವಾರ ನಾನೂ ಬರ್ತೀನಿ. ಖಂಡಿತ.”

ಅತ್ತ ಕಡೆಯಿಂದ ಅಮ್ಮ ಅಂದರು, “ಫೋನು ಪುಟ್ಟಿ ಕೈಗೆ ಕೊಡು. ನೀನು ಹೇಳಿದ್ದರ ಅರ್ಥ ಏನು ಅಂತ ಅವಳನ್ನ ಕೇಳ್ತೀನಿ.”