ತವರನ್ನು ಒಲ್ಲೆನೆಂದ ಸೋದರತ್ತೆ

ನನ್ನ ಸೋದರತ್ತೆಯಂಥ ಸುಳ್ಳುಗಾತಿ ಇಡೀ ಹಾನಗಲ್ಲ ತಾಲೂಕಿನಲ್ಲಿ ಇನ್ನೊಬ್ಬಳಿರಲಿಲ್ಲ. ಹಿರೇಕೆರೂರ ತಾಲೂಕಿನಲ್ಲಿ ಒಬ್ಬಳಿದ್ದಳು. ಆದರೆ ಅವಳೂ ಇವಳೇ. ಮದುವೆಯಾಗಿ ಮಾಸೂರಿಗೆ ಹೋದಳಲ್ಲ!

ಅವಳ ಸುಳ್ಳಿನಿಂದ ಯಾರಿಗೂ ಕೇಡಾಗಲಿಲ್ಲ ಎಂದು ಬರೆಯಬೇಕೆಂದಿದ್ದೆ. ಮಾವನ ನೆನಪಾಯಿತು. ಮಾವ ಸಂತೆಯಲ್ಲಿ ಒಂದು ಎಮ್ಮೆ ಕೊಂಡು ತಂದರು. ನೋಡಲು ಆನೆ, ಹಾಲು ಮಾತ್ರ ಒಂದು ಗಿಂಡಿ. ಗಂಡ ಮೋಸಹೋದನೆಂದು ಓಣಿಯ ಹೆಂಗಸರು ನಗಬಾರದಲ್ಲ? ಅತ್ತೆ ಹೇಳಿದಳು: "ಇದು ಭಾರೀ ಜಾತಿ ಎಮ್ಮಿ ಬೇ. ಜಗಳದ ಸಪ್ಪಳ ಕಿವೀಗೆ ಬೀಳದ ಹಾಲು ಇಳಸೂದಿಲ್ಲ!" ಓಣಿ ನಂಬಿತು, ನಂಬಿದ ಮೇಲೆ ನೋಡಲು ಬಂತು. ಮಾವ ಇದ್ದಲ್ಲಿ ಇದ್ದಾರೋ ಇಲ್ಲವೋ ಗೊತ್ತಾಗದಂಥ ಮೌನದ ಮನುಷ್ಯ. ಅವರು ದಿನಾ ಎರಡು ಹೊತ್ತು ಎಮ್ಮೆಯ ಪಕ್ಕ ನಿಂತು ಹೆಂಡತಿಯನ್ನು ಬೈಯಬೇಕಾಯಿತು. ಮುಂದೆ ಎಮ್ಮೆ ಮಾರಿದರು. ಮಾವನ ಬೈಗುಳ ಮನೆಯಲ್ಲೇ ಉಳಿಯಿತು!

ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಮೊದಲ ಸಲ ನಪಾಸಾದಾಗ ಅವಳು ಮಾಸೂರಿನಲ್ಲಿ ಏನು ಹಬ್ಬಿಸಿದಳು ಗೊತ್ತೇ? ನನ್ನ ಪೇಪರನ್ನು ಸಾಹೇಬರು ತಮ್ಮ ಮಕ್ಕಳಿಗೆ ತೋರಿಸಲು ಮನೆಗೆ ಒಯ್ದರಂತೆ, ಅಲ್ಲಿ ಅದು ಕಳೆಯಿತಂತೆ! ಆ ಬೇಸಿಗೆಯಲ್ಲಿ ನಾನು ಮಾಸೂರಿಗೆ ಹೋದಾಗ ಮುದುಕರು ಎದ್ದು ನಿಂತು ಜಾಗ ಕೊಟ್ಟರು. ಕೋರ್ಟಿನ ಕಾಗದ ಓದಿ ಹೇಳೆಂದು ಒಬ್ಬರು ಬಂದೇ ಬಿಟ್ಟರು. ನಾನು ಹೊಟ್ಟೆನೋವೆಂದು ಮಲಗಿದೆ.

ಇರಲಿ. ಮುಂದೆ ನಾನೂ ಪಾಸಾದೆ, ಮಾಸ್ತರನಾದೆ. ಅಪ್ಪ ತೀರಿಕೊಂಡ ಮೇಲೆ ತಿಳವಳ್ಳಿಯ ಹತ್ತಿರದ ನಮ್ಮ ಮನೆ ನನ್ನ ಕೈಗೆ ಬಂತು. ಆ ಮನೆಯಲ್ಲೇ ಅತ್ತೆ ಹುಟ್ಟಿದ್ದು. ತಲೆಬಾಗಿಲ ಒಳಗೆ ಬಂದರೆ ಒಂದು ಕಡೆ ಎತ್ತು ಕಟ್ಟುವ ಜಾಗ, ಅದರಾಚೆ ಎತ್ತರದ ಪಡಸಾಲೆ. ನಾನು ಹೊಸ ಕಾಲದವನು. ಮನುಷ್ಯ ಎತ್ತಿನ ಮುಖ ನೋಡುತ್ತ ಉಣ್ಣುವುದೇ? ಎತ್ತುಗಳನ್ನು ಹಿತ್ತಲಿಗೆ ಸಾಗಿಸಿದೆ. ಅವು ನಿಲ್ಲುತ್ತಿದ್ದ ಜಾಗದಲ್ಲಿ ಕಲ್ಲು ಹಾಸಿಸಿ, ಗೋಡೆಗೆ ನೀಲಿ ಬೆರೆಸಿದ ಸುಣ್ಣ ಹೊಡೆಸಿ, ಗಾಜಿನ ಕಿಟಕಿ ಇಟ್ಟು, ಒಂದು ಮೇಜು, ಎರಡು ಕುರ್ಚಿ ಹಾಕಿದೆ. ಎರಡನೇ ಕುರ್ಚಿ ಯಾರಿಗೆಂದು ಈಗಲೂ ತಿಳಿಯದು. ಅತ್ತೆ ಬಂದು ನೋಡಿ, "ಮೊದಲ ಇಲ್ಲೆ ಎತ್ತು ಕಟ್ಟತಿದ್ರು. ಈಗ ನಿನ್ನ ಕಟ್ಟ್ಯಾರೇನೋ ತಮ್ಮಾ?" ಎಂದಳು.

ಎರಡನೇ ಮಹಾಯುದ್ಧ ಸುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿರಬೇಕು, ಒಂದು ದಿನ ಅತ್ತೆ ಚಕ್ಕಡಿಯಿಂದ ಇಳಿದಳು. ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತು ಎಲೆಚೀಲ ಬಿಚ್ಚಿದಳು.

"ನನ್ನ ಮಗಳದು ಲಗ್ನ ಗಟ್ಟಿ ಆತೋ. ಸವಣೂರ ಕಡೆ ಮಂದಿ."

"ಭಾಳ ಛಲೋ ಆತಲ್ಲ ಅತ್ತಿ!"

"ಆತು. ಆದ್ರ ನಮ್ಮ ದೊಡ್ಡ ಭಾವ ಹೋಗಿ ಇನ್ನೂ ವರ್ಷ ಆಗಿಲ್ಲ. ಆ ಮನ್ಯಾಗ ಈಗ ಶುಭಕಾರ್ಯ ಮಾಡೂಹಂಗಿಲ್ಲ. ಬೀಗರು ತಡಿಯೂದಿಲ್ಲ, ಅವರ ಮುದುಕಿ ಕಣ್ಣು ಮುಚ್ಚೂದರಾಗ ಲಗ್ನ ನೋಡಬೇಕಂತ. ಸೋದರಮಾವನ ಮನ್ಯಾಗ ಮಾಡಿದ್ರ ನಡೀತೈತಿ ಅಂದ್ರು ಮಾಸೂರ ಅಯ್ಯನವರು. ನಿಮ್ಮಪ್ಪ ಇಲ್ಲ, ಖರೆ. ಮನಿ ಐತಲ್ಲ?"

ನನ್ನ ಕಣ್ಣ ಮುಂದೆ ಮೊದಲು ಬಂದದ್ದು ಏನು? ಮದುಮಗಳಲ್ಲ. ನನ್ನ ನೀಲಿ ಗೋಡೆ! ಆ ಗೋಡೆಗೆ ಒರಗಿ ಕುಳಿತ ಎಣ್ಣೆದಲೆಗಳು. ಸವಣೂರಿನ ಎಲೆ ಜಗಿದು ಗುರಿಯಿಟ್ಟು ಉಗುಳುವ ಬೀಗರು. ನನ್ನ ಮೇಜಿನ ಮೇಲೆ ಹೋಳಿಗೆಯ ಬುಟ್ಟಿ. ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ?

"ನಮ್ಮ ಬಾವಿ ಬ್ಯಾಸಗ್ಯಾಗ ತಳಾ ಕಾಣ್ತೈತಿ ಅತ್ತಿ," ಎಂದೆ.

"ಬಳಸಾಕ ಕೆರಿಯಿಂದ ಬಂಡಿಮ್ಯಾಲೆ ಹಂಡೇದಾಗ ತರಸೋಣು. ಕುಡಿಯಾಕ ಅಷ್ಟ ನಿನ್ನ ಬಾವಿ."

"ಅಂಗಳದಾಗ ಹಗೇವು ಐತಿ." ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ; ಅದರೊಳಗೆ ನೀರಿಳಿದರೆ ವರ್ಷದ ಅನ್ನ ಕೊಳೆಯುತ್ತದೆ.

"ಅಡಗಿ ಒಲಿ, ಮುಸರಿ ತೊಳೆಯೂದು ಎಲ್ಲಾ ಹಿತ್ತಲದಾಗ. ಹಂದರದ ಕಂಬಾನೂ ಹಗೇವು ಬಿಟ್ಟ ನೆಡೋಣು. ಅದರ ಬಾಯಿ ಮುಚ್ಚಿದ ಕಲ್ಲಿನಮ್ಯಾಲೆ ಹಿರೇರ್ನ ಕುಂದರಸೋಣು. ಕುಂತ್ರ ಅವರೇನ ಅಳ್ಳಾಡೂದಿಲ್ಲ."

"ಮಾಳಿಗಿ ಜಂತಿಗೆ ಗೆದ್ದಲ ಹತ್ತೈತಿ. ಹುಡುಗೂರು ಮ್ಯಾಲೆ ಹತ್ತಿ ಕುಣದ್ರ?"

"ನಿಚ್ಚಣಿಕಿ ತಗದ ಇಟ್ಟರಾತು."

"ಬೀಗರ್ನ ಎಲ್ಲೆ ಇಳಸೂದು?"

"ಬಾಜೂಕಿನ ಗೌಡ್ರ ಅಟ್ಟದಾಗ. ಬರೂವಾಗ ಕೇಳೇ ಬಂದೇನಿ. ಹೂಂ ಅಂದಾರ."

ಅತ್ತೆಯ ಬಾಯಿಂದ ಅಷ್ಟು ಹೊತ್ತು ಬರೀ ನಿಜ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. ಸುಳ್ಳಿನ ಕೆಲಸ ಆವತ್ತು ನನ್ನ ಪಾಲಿಗೆ ಬಂದಿತ್ತು, ನನಗೆ ಅದು ಬರುತ್ತಿರಲಿಲ್ಲ! ಕೊನೆಗೆ ಅಂದೆ:

"ಅತ್ತಿ, ನಮ್ಮೂರ ಮಠದ ಪಡಸಾಲಿ ಐತಲ್ಲ? ದೊಡ್ಡದು. ನಾನ ಹೋಗಿ ಅಲ್ಲಿ ಅಯ್ಯನವರಿಗೆ ಕೇಳತೇನಿ. ಎಲ್ಲಾರಿಗೂ ಅನಕೂಲ ಆಕ್ಕೈತಿ."

ಅತ್ತೆಯ ಹೆಬ್ಬೆರಳಿನ ತುದಿಯಲ್ಲಿ ಸುಣ್ಣವಿತ್ತು. ಅದನ್ನು ಎಲೆಗೆ ಸವರುವುದು ಮರೆತಳು. ಅಡಿಗೆಮನೆಯಲ್ಲಿ ನನ್ನ ಹೆಂಡತಿಯ ಕೈಯಿಂದ ಪಾತ್ರೆ ಜಾರಿ ಬಿದ್ದ ಸಪ್ಪಳ ಈಗಲೂ ನನ್ನ ಕಿವಿಯಲ್ಲಿದೆ. ಹೆಂಡತಿ ಹೇಳುತ್ತಾಳೆ, "ನಾ ಆವತ್ತ ಮನ್ಯಾಗ ಇರಲಿಲ್ಲರಿ. ಇದ್ದಿದ್ರ ನಿಮಗ ಹಂಗ ಅನ್ನಾಕ ಬಿಡತಿದ್ನೇನು?" ಹಾಗಾದರೆ ಆ ಸಪ್ಪಳ ಎಲ್ಲಿಯದು? ನನ್ನ ನೆನಪಿನ ಕಾರಭಾರವೇ ಹೀಗೆ. ಬೇಕಾದಲ್ಲಿ ಪಾತ್ರೆ ಬೀಳಿಸಿಕೊಳ್ಳುತ್ತದೆ.

"ಮಠ," ಎಂದಳು ಅತ್ತೆ. "ಹೂಂ. ಛಲೋನ ಐತಿ. ಕಂಬ ಗಟ್ಟಿ ಅದಾವು."

ಆಮೇಲೆ ನನ್ನ ಓಡಾಟ ನೋಡಬೇಕಿತ್ತು! ಕೊಡಬೇಕಾದದ್ದನ್ನು ಕೊಡದವನ ಉತ್ಸಾಹ ಯಾರಿಗೂ ಬರದು. ತೆಂಗಿನಕಾಯಿ, ಎಲೆಅಡಿಕೆ ಹಿಡಿದು ಮಠಕ್ಕೆ ಹೋದೆ. ಅಯ್ಯನವರು ಒಪ್ಪಿದರು: ಸೋಮವಾರ ಬೇಡ, ಪೂಜೆಗೆ ಮಂದಿ ಬರುತ್ತಾರೆ, ಮಠದ ಕೊಪ್ಪರಿಗೆಗಳನ್ನೇ ಬಳಸಬಹುದು, ಆದರೆ ಹುಣಸೆಹಣ್ಣು ಹಚ್ಚಿ ಬೆಳಗಿ ತಿರುಗಿ ಕೊಡಬೇಕು, ಕಟ್ಟಿಗೆ ನಿಮ್ಮದು, ಎತ್ತು ಪೌಳಿಗೋಡೆಯ ಹೊರಗೆ, ಮುಗಿದ ಮೇಲೆ ಅಂಗಳ ಸಾರಿಸಿ ಹೋಗಬೇಕು. ಎಲ್ಲಕ್ಕೂ ಹೂಂ ಅಂದೆ. ಮಠದ ಹಿಂಬದಿಗೆ ನೆಲ ಅಗೆದು ಒಲೆ ಮಾಡಿಸಿದೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ಯಾರು ನೋಡಿದರು? ಲಗ್ನದ ದಿನ ಹೊಗೆಯೆಲ್ಲ ಪಡಸಾಲೆಗೆ ನುಗ್ಗಿ, ತಾಳಿ ಕಟ್ಟುವ ಮೊದಲೇ ಎರಡೂ ಕಡೆಯವರು ಕಣ್ಣೀರು ಹಾಕಿದರು!

ಪಡಸಾಲೆಗೆ ಕಂಬಗಳಿದ್ದವು, ಕೋಣೆಯಿರಲಿಲ್ಲ. ಮದುಮಗಳನ್ನು ಎಲ್ಲಿ ಕೂರಿಸುವುದು? ಎರಡು ಕಂಬಗಳ ನಡುವೆ ಜಮಖಾನೆ ಕಟ್ಟಿದೆವು. ಹುಡುಗರು ಅದಕ್ಕೆ ಜೋತುಬಿದ್ದರು. ಮುಖದ ತುಂಬ ಅರಿಷಿಣ ಬಳಿದುಕೊಂಡು, ಅರ್ಧ ಉಂಡಿ ಬಾಯಲ್ಲಿಟ್ಟುಕೊಂಡ ಮದುಮಗಳು ಬೀಗರೆಲ್ಲರಿಗೂ ಒಮ್ಮೆಗೇ ದರ್ಶನ ಕೊಟ್ಟಳು. ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ. ನಮ್ಮ ಮನೆಯಲ್ಲಿ ದೇವರ ಕೋಣೆಗೆ ಬಾಗಿಲಿತ್ತು, ಬಾಗಿಲಿಗೆ ಚಿಲಕವಿತ್ತು.

ಊಟದ ಪಂಕ್ತಿ ಕುಳಿತಿತು. ನಾನು ಸಾರಿನ ಬಕೀಟು ಹಿಡಿದು ಹೊರಟೆ. ಶಿಗ್ಗಾಂವಿಯಿಂದ ಬಂದಿದ್ದ ನಮ್ಮ ಬಳಗದ ಒಬ್ಬ ಮುದುಕಿ ಕಂಬದಾಚೆಗೆ ಅತ್ತೆಯನ್ನು ಹಿಡಿದು ನಿಲ್ಲಿಸಿದ್ದಳು.

"ಅಲ್ಲಬೇ, ಕಣ್ಣೆದುರಿಗೆ ತವರಮನಿ ಇಟಗೊಂಡು ಮಠದಾಗ್ಯಾಕ ಲಗ್ನ? ನಿಮ್ಮಣ್ಣನ ಮಗ ಒಲ್ಲೆ ಅಂದ್ನೇನು?"

ನನ್ನ ಕೈಯಲ್ಲಿ ಬಕೀಟು ನಿಂತಿತು. ಸಾರು ಮಾತ್ರ ತುಳುಕುತ್ತಿತ್ತು.

"ಅಯ್ಯ, ಅವನ್ಯಾಕ ಒಲ್ಲೆ ಅಂತಾನಬೇ!" ಅತ್ತೆಯ ದನಿ. "ಕಾಲು ಹಿಡಕೊಂಡ. ನಮ್ಮನ್ಯಾಗ ಮಾಡಬೇಕ ಅತ್ತಿ ಅಂದ. ನಾನ ಒಲ್ಲೆ ಅಂದೆ. ನಮ್ಮ ಮಂದಿ ಎಲಿ ತಿಂದು ಉಗುಳಿ, ಪಾಪ, ಅವನ ನೀಲಿ ಗ್ವಾಡಿ ಕೆಡಸ್ತಾರ ಅಂತ."

ಗೋಡೆಯ ಮಾತನ್ನು ನಾನು ಯಾರ ಮುಂದೂ ಎತ್ತಿರಲಿಲ್ಲ.

ಅತ್ತೆಯ ಸುಳ್ಳು ಇದ್ದಷ್ಟಕ್ಕೇ ನಿಲ್ಲುವ ಜಾತಿಯದಲ್ಲ. ಎರಡನೇ ಪಂಕ್ತಿಯ ಹೊತ್ತಿಗೆ ನಾನು ಅವಳ ಮುಂದೆ ಅತ್ತಿದ್ದೆ. ಮೂರನೆಯದಕ್ಕೆ ಎರಡು ಹೊತ್ತು ಅನ್ನ ಬಿಟ್ಟಿದ್ದೆ. ಮೆರವಣಿಗೆಗೆ ಗ್ಯಾಸಬತ್ತಿ ಹಚ್ಚುವಷ್ಟರಲ್ಲಿ, ಹಾಸಿದ ಹೊಸ ಕಲ್ಲುಗಳನ್ನೇ ಕಿತ್ತು ಒಲೆ ಹೂಡಲು ಹೊರಟಿದ್ದೆ. ಅವಳೇ ಹಾರೆ ಕಸಿದುಕೊಂಡಳು! ಬೀಗರ ಕಡೆಯ ಹಿರಿಯರೊಬ್ಬರು ನನ್ನ ಬೆನ್ನು ತಟ್ಟಿ, "ಸೋದರಳಿಯ ಇದ್ರ ನಿಮ್ಮಂಥಾವ ಇರಬೇಕ್ರಿ ಮಾಸ್ತರ," ಎಂದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅದು ಮಠದ ನೆಲ, ಗಟ್ಟಿಯಾಗಿತ್ತು.

ನನ್ನನ್ನು ಹೊಗಳಿದ್ದಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಒಬ್ಬನನ್ನು ಹೊಗಳಿದ ಬಳಗ ಇನ್ನೊಬ್ಬರನ್ನು ಬೈಯದೆ ಮಲಗುತ್ತದೆಯೇ?

"ಕರದ ತವರನ್ನ ಒಲ್ಲೆ ಅಂದಾಳಲ್ಲ, ಎಷ್ಟು ಸೊಕ್ಕಿರಬೇಕು!"

"ಸತ್ತ ಅಣ್ಣನ ಮನಿ ಇಕಿಗೆ ಸಣ್ಣದ ಆತೇನು?"

ರಾತ್ರಿಯ ಪಂಕ್ತಿಯಲ್ಲಿ ಅತ್ತೆ ತುಪ್ಪ ಬಡಿಸಲು ಬಂದಾಗ ಶಿಗ್ಗಾಂವಿಯ ಮುದುಕಿ ಎಲೆಗೆ ಕೈ ಅಡ್ಡ ಹಿಡಿದಳು. "ಬ್ಯಾಡ. ತವರು ಬ್ಯಾಡ ಅಂದಾಕಿ ಕೈಲೆ ನಾ ಉಣ್ಣೂದಿಲ್ಲ."

ಅತ್ತೆ ನಕ್ಕಳು. ತುಪ್ಪದ ಗಿಂಡಿ ಹಿಡಿದು ಮುಂದಿನ ಎಲೆಗೆ ಸರಿದಳು. ನನಗೆ ತಡೆಯಲಾಗಲಿಲ್ಲ.

"ಆಯಿ, ಹಂಗಲ್ಲರಿ. ಒಲ್ಲೆ ಅಂದಾವ ನಾನ—"

"ನೋಡ್ರಿ, ನೋಡ್ರಿ!" ಅತ್ತೆ ಕೂಗಿದಳು. "ನನಗ ಕೆಟ್ಟ ಹೆಸರು ಬರಬಾರದಂತ ತನ್ನ ಮ್ಯಾಲೆ ಹಾಕ್ಕೊಳ್ಳಾಕತ್ತಾನ! ನಡಿಯೋ, ಸಾರು ತಣ್ಣಗಾತು."

ಮುದುಕಿಯ ಕಣ್ಣು ತುಂಬಿತು. ನನ್ನನ್ನು ನೋಡಿ. ಜೀವಮಾನದಲ್ಲಿ ಒಮ್ಮೆ ಎಲ್ಲರೆದುರು ನಿಜ ಹೇಳಲು ಹೋದೆ, ಅದೂ ನನ್ನ ದೊಡ್ಡಸ್ತಿಕೆಗೇ ಜಮಾ ಆಯಿತು!

ಮಾರನೆಯ ದಿನ ಮದುಮಗಳನ್ನು ಕರೆದುಕೊಂಡು ಬೀಗರು ಹೋದರು. ಅತ್ತೆ ಉಳಿದು, ಕೊಪ್ಪರಿಗೆ ಬೆಳಗಿಸಿ ಕೊಟ್ಟು, ಅಂಗಳ ಸಾರಿಸಿ, ಅದರ ಮರುದಿನ ಬೆಳಿಗ್ಗೆ ಹೊರಟಳು. ಮಠದ ಮುಂದೆಯೇ ಚಕ್ಕಡಿ ಏರಿದಳು. ನಾನು ಗಂಟು ಎತ್ತಿಕೊಟ್ಟೆ. ಅವಳು ಬಗ್ಗಿ ನನ್ನ ಕೈ ಹಿಡಿದಳು.

"ತಮ್ಮಾ, ಅಷ್ಟು ಅಂಗಲಾಚಿ ಕರದಿ. ನಾ ಕೇಳಲಿಲ್ಲ. ಮನಸಿಗೆ ಹಚಗೋಬ್ಯಾಡೋ."

ಇದನ್ನು ಬರೆಯುವಾಗೆಲ್ಲ ನಾನು ಆ ಚಕ್ಕಡಿಯಲ್ಲಿ ಶಿಗ್ಗಾಂವಿಯ ಮುದುಕಿಯನ್ನು ಕೂರಿಸುತ್ತೇನೆ. ಅವಳು ಕೇಳಲೆಂದು ಅತ್ತೆ ಹಾಗೆ ಅಂದಳು ಎಂದುಕೊಂಡರೆ ಜೀವಕ್ಕೆ ಹಗುರ. ಆದರೆ ಮುದುಕಿ ಹಿಂದಿನ ದಿನವೇ ಹೋಗಿದ್ದಳು; ಅವಳ ಮೊಣಕೈ ಹಿಡಿದು ಗಾಡಿ ಹತ್ತಿಸಿದವನು ನಾನೇ. ಮಾವ ಎತ್ತುಗಳನ್ನು ಬಿಚ್ಚಿಕೊಂಡು ಬರಲು ಪೌಳಿಯಾಚೆ ಹೋಗಿದ್ದರು. ಹತ್ತಿರದಲ್ಲಿ ಯಾರೂ ಇರಲಿಲ್ಲ. ಅವಳಿದ್ದಳು, ನಾನಿದ್ದೆ.

ನಾನು ಗಂಟನ್ನು ಇನ್ನಷ್ಟು ಒಳಕ್ಕೆ ಸರಿಸಿದೆ.

"ದೀಪಾವಳಿಗೆ ನಮ್ಮನೀಗೆ ಬಾ ಅತ್ತಿ. ಈ ಸಲಾನೂ ಒಲ್ಲೆ ಅನ್ನಬ್ಯಾಡ."

"ಹುಚ್ಚಾ," ಎಂದಳು ಅತ್ತೆ, ಸೆರಗಿನಿಂದ ಮೂಗು ಒರೆಸಿಕೊಂಡು. "ತವರಿನವರು ಕರದ್ರ ಬರಲಾರದ ಇರ್ತೇನೇನು?"