ದಕ್ಷಿಣ ಹೋಗಿ ಮನೆ ಬಂತು

ರಾದ್ಧಾಂತಕ್ಕೆಲ್ಲ ಮೂಲ ‘ದಕ್ಷಿಣ’ ಎಂಬ ಮೂರಕ್ಷರ. ಹನ್ನೆರಡು ವರ್ಷದ ಹಿಂದೆ ನಂಜುಂಡಪ್ಪನವರು ಪರ್ತ್‌ನಲ್ಲಿ ನದಿಯ ದಕ್ಷಿಣಕ್ಕಿದ್ದ ಹತ್ತು ಮನೆಯವರನ್ನು ಸೇರಿಸಿ ಒಂದು ಸಂಘ ಕಟ್ಟಿದರು. ನದಿಯ ಉತ್ತರದವರ ಜೊತೆ ಗೊಂದಲ ಬೇಡವೆಂದು ಅದಕ್ಕೆ ‘ಪರ್ತ್ ದಕ್ಷಿಣ ಕನ್ನಡ ಸಂಘ’ ಎಂದು ಹೆಸರಿಟ್ಟು ನೋಂದಾಯಿಸಿಯೂ ಬಿಟ್ಟರು. ಅವರು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಈ ಹೆಸರನ್ನು ಓದಿದವರಿಗೆ ಬೇರೆಯೇ ಜಿಲ್ಲೆ ಕಾಣಿಸಬಹುದೆಂದು ಅವರಿಗೆ ಹೊಳೆಯಲೇ ಇಲ್ಲ.

ಮಂಗಳೂರು, ಪುತ್ತೂರಿನ ಹುಡುಗರು ಹುಡುಕಿಕೊಂಡು ಬಂದು ತುಳುವಿನಲ್ಲಿ ಮಾತು ಶುರುಮಾಡಿ, ಎದುರಿಗಿದ್ದವರು ಪಿಳಿಪಿಳಿ ನೋಡುವುದನ್ನು ಕಂಡು ವಾಪಸ್ಸಾದರು. ವಿಶ್ವವಿದ್ಯಾಲಯದ ಪಕ್ಕದ ಬೆಂಟ್ಲಿ ಬಡಾವಣೆಯ ಬಾಡಿಗೆ ಮನೆಗಳಲ್ಲಿದ್ದ ಬೀದರ್, ಬೆಳಗಾವಿ, ಹಾಸನದ ವಿದ್ಯಾರ್ಥಿಗಳು ‘ಇದು ಕರಾವಳಿಯವರದು’ ಎಂದುಕೊಂಡು ಇತ್ತ ಸುಳಿಯಲೇ ಇಲ್ಲ. ಇನ್ನು ಇಲ್ಲೇ ಹುಟ್ಟಿದ ಮಕ್ಕಳದು ಬೇರೆಯೇ ಗೋಳು. ಆಸ್ಟ್ರೇಲಿಯಾದಲ್ಲಿ ‘ಸಂಗ’ ಎಂದರೆ ಸ್ಯಾಂಡ್‌ವಿಚ್. “ವೀಕೆಂಡ್ ಸಂಘಕ್ಕೆ ಹೋಗಿದ್ದೆ” ಎಂದ ಮಗುವನ್ನು ಕ್ಲಾಸಿನವರು “ಯಾವ ಫಿಲ್ಲಿಂಗ್?” ಎಂದು ಕೇಳುತ್ತಿದ್ದರು.

ಈ ಹೆಸರನ್ನು ಬದಲಾಯಿಸುವ ಹೊರೆ ಬಿದ್ದದ್ದು ಕಾರ್ಯದರ್ಶಿ ಪಂಚಾಕ್ಷರಿಯ ಮೇಲೆ. ವೆಲ್ಷ್‌ಪೂಲ್‌ನ ಗೋದಾಮೊಂದರಲ್ಲಿ ಯಾವ ಪೆಟ್ಟಿಗೆ ಯಾವ ಲಾರಿಗೆ ಹೋಗಬೇಕೆಂದು ನೋಡಿಕೊಳ್ಳುವುದು ಅವನ ಕೆಲಸ. ಪೆಟ್ಟಿಗೆಗಳು ಎದುರು ಮಾತಾಡುವುದಿಲ್ಲ. ಸಮಿತಿಯವರು ಹಾಗಲ್ಲ.

ಹತ್ತು ವಾರ ಭಾನುವಾರವೆಲ್ಲ ಚರ್ಚೆಗೇ ಹೋಯಿತು. ‘ಕರ್ನಾಟಕ’ ಎಂದಿಡೋಣವೆಂದರೆ ಅಡಿಲೇಡ್‌ನಿಂದ ಹೋದ ವರ್ಷ ಬಂದು ನೆಲೆಸಿದ್ದ ಇಂದಿರಮ್ಮ, “ನಾನು ಹೊಸೂರಿನವಳು. ಮ್ಯಾಪಲ್ಲಿ ಅದು ತಮಿಳುನಾಡು. ಹಾಗಾದ್ರೆ ನಾನು ಬಾಗಿಲ ಹೊರಗೇ ನಿಂತ್ಕೊಳ್ಳಾ?” ಎಂದರು. ‘ಬಳಗ’ ಎಂದರೆ ಮಕ್ಕಳ ನಾಲಿಗೆಯಲ್ಲಿ ಳಕಾರ ಹೊರಳದೆ ಅದು ‘ಬಲಗಾ’ ಆಯಿತು. ಬ್ರಿಸ್ಬೇನ್‌ನ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಿಂದ ಪಂಚಾಕ್ಷರಿಯ ಭಾವಮೈದುನ ಗಣಪತಿ, ಯಾರೂ ಕರೆಯದಿದ್ದರೂ ಪ್ರತಿ ವಾರ ಟ್ರೈನಿನಿಂದಲೇ ವಿಡಿಯೋ ಕಾಲಿಗೆ ಸೇರಿ ಸಲಹೆ ಕೊಡುತ್ತಿದ್ದ. ಸುರಂಗ ಬಂದಾಗ ಮಾತ್ರ ಸಭೆ ಮುಂದಕ್ಕೆ ಸಾಗುತ್ತಿತ್ತು.

ಕೊನೆಗೆ ಪಂಚಾಕ್ಷರಿಯ ಹದಿಮೂರು ವರ್ಷದ ಮಗಳು ಮಾಲವಿಕಾ ಫೋನಿನಿಂದ ತಲೆಯೆತ್ತದೆ, “ಜಸ್ಟ್ ಕಾಲ್ ಇಟ್ ಮನೆ. ಎವ್ರಿ ಕಿಡ್ ನೋಸ್ ಮನೆ” ಎಂದಳು. ನಿಜ. ಕನ್ನಡ ಬಾರದ ಮಗುವಿಗೂ ‘ಮನೆಗೆ ಹೋಗೋಣ’ ಗೊತ್ತು. ಪರ್ತ್ ಕನ್ನಡ ಮನೆ. ಯಾವ ಜಿಲ್ಲೆಯವರಿಗೂ ಹೊರಗೆ ನಿಲ್ಲುವ ಪ್ರಮೇಯವಿಲ್ಲ. ಆಮೇಲೆ ಇಂಗ್ಲಿಷ್ ಸ್ಪೆಲಿಂಗಿಗೆ ಎರಡು ವಾರ ಹಿಡಿಯಿತು. ಎಂ ಎ ಎನ್ ಇ ಎಂದು ಬರೆದರೆ ಕುದುರೆಯ ಕುತ್ತಿಗೆಗೂದಲು, ಇ ಜೊತೆ ವೈ ಹಾಕಿದರೆ ದುಡ್ಡು ಎಂದು ಓದುವ ಭಯ. ಎಂ ಎ ಎನ್ ಎ ವೈ ಎಂದು ತೀರ್ಮಾನಿಸಿ, ರಿಜಿಸ್ಟರಿನಲ್ಲಿ ಅಂಥ ಹೆಸರು ಬೇರೆ ಯಾರದೂ ಇಲ್ಲವೆಂದು ನೋಡಿಕೊಂಡು, ನಿಯಮಾವಳಿಯಂತೆ ಇಪ್ಪತ್ತೊಂದು ದಿನ ಮುಂಚೆ ಪಂಚಾಕ್ಷರಿ ಎಲ್ಲ ಸದಸ್ಯರಿಗೂ ನೋಟಿಸು ಕಳಿಸಿದ.

ಇಷ್ಟಾಗಿ ಆ ಶನಿವಾರ ಬೆಳಿಗ್ಗೆ ಹತ್ತಕ್ಕೆ ಪಂಚಾಕ್ಷರಿ ಕಮ್ಯುನಿಟಿ ಹಾಲಿನ ಬೀಗ ತೆಗೆದಾಗ, ಅರ್ಧ ಗಂಟೆಯಲ್ಲಿ ಮುಗಿಸಿ ಮನೆಗೆ ಹೋಗಿ ಕಾಲು ಚಾಚುವ ಅಂದಾಜಿನಲ್ಲಿದ್ದ.

ಮೊದಲು ಎದ್ದು ನಿಂತವನು ಸೋಮಶೇಖರ. ಬೆಂಗಳೂರಿನ ಸಾಫ್ಟ್‌ವೇರ್ ಮನುಷ್ಯ, ಕೈಯಲ್ಲಿ ಕಾಗದ. “ನಾನು ಒಂದು ಹೆಸರು ತಂದಿದೀನಿ. ಕನ್ನಡ ಕಾಂಗರೂಸ್.”

“ಇವತ್ತು ಹೊಸ ಹೆಸರು ತಗೊಳ್ಳಕ್ಕಾಗಲ್ಲ ಸೋಮಶೇಖರ್. ಇದು ವಿಶೇಷ ನಿರ್ಣಯ. ನೋಟಿಸಲ್ಲಿ ಏನು ಬರೆದಿದ್ಯೋ ಅದಕ್ಕೇ ಹೂಂ ಅಥವಾ ಉಹೂಂ ಅನ್ಬೇಕು,” ಎಂದ ಪಂಚಾಕ್ಷರಿ.

“ಚರ್ಚೆನೇ ಇಲ್ವಾ?”

“ಹತ್ತು ವಾರ ಆಯ್ತಲ್ಲ.”

“ಆಗ ನಾನು ಇಂಡಿಯಾಗೆ ಹೋಗಿದ್ದೆ.”

ಪಂಚಾಕ್ಷರಿ ನಿಯಮಾವಳಿಯ ಪುಟ ತೆಗೆದು ಗಟ್ಟಿಯಾಗಿ ಓದಿದ. ಮತ ಹಾಕಿದವರಲ್ಲಿ ನಾಲ್ಕನೇ ಮೂರು ಭಾಗ ಒಪ್ಪಬೇಕು. ಒಪ್ಪಿದ ಮೇಲೆ ಇಪ್ಪತ್ತೆಂಟು ದಿನದೊಳಗೆ ಸಂಘಗಳ ನೋಂದಣಿ ಇಲಾಖೆಗೆ ಅರ್ಜಿ ಹಾಕಬೇಕು. ಅವರು ಮಂಜೂರು ಮಾಡಿದ ಮೇಲೆಯೇ ಹೊಸ ಹೆಸರಿಗೆ ಜೀವ. ಓದಿ ಮುಗಿಸುವಷ್ಟರಲ್ಲಿ ಮೂರು ಜನ ಕೈಯೆತ್ತಿ ಮತ್ತೆ ಮೂರು ಹೊಸ ಹೆಸರು ಹೇಳಿದರು. ಅವನು ಅದೇ ಪುಟವನ್ನು ಇನ್ನೊಮ್ಮೆ ಓದಿದ. ರೇಷನ್ ಅಂಗಡಿಯ ಮುಂದೆ ‘ಸ್ಟಾಕ್ ಇಲ್ಲ’ ಎಂದು ಬೋರ್ಡು ತಗುಲಿಸಿದ ಮೇಲೂ ‘ಸಕ್ಕರೆ ಇದ್ಯಾ’ ಎಂದು ಕೇಳಿಸಿಕೊಳ್ಳುವವನ ಸ್ಥಿತಿ ಅವನದು.

“ಮನೆ ಅನ್ನೋದು ಒಂದು ಹೆಸರಾ?” ಎಂದರು ಅಧ್ಯಕ್ಷ ನಂಜುಂಡಪ್ಪ, ಕುರ್ಚಿಯಲ್ಲಿ ಬಿಗಿಯಾಗಿ ಕೂತು. “ಸಂಘ ಅಂದ್ರೆ ಒಂದು ಗಾಂಭೀರ್ಯ. ಮನೆ ಅಂದ್ರೆ ಲುಂಗಿ ಉಟ್ಕೊಂಡು ಬರ್ತಾರೆ.”

“ಬರ್ಲಿ ಬಿಡಿ ಅಂಕಲ್, ಬಂದ್ರೆ ಸಾಕಾಗಿದೆ,” ಎಂದಳು ಪಂಚಾಕ್ಷರಿಯ ಹೆಂಡತಿ ಕಸ್ತೂರಿ. “ಹೋದ ಯುಗಾದಿಗೆ ಇಪ್ಪತ್ತು ಜನಾನೂ ಇರ್ಲಿಲ್ಲ. ಹೋಳಿಗೆ ನಾವೇ ಮೂರು ದಿನ ತಿಂದ್ವಿ.”

ಮತಕ್ಕೆ ಹಾಕಿದಾಗ ಮೂವತ್ತೊಂಬತ್ತು ಕೈಗಳು ಮೇಲೆದ್ದವು. ಸದಸ್ಯರಿದ್ದದ್ದು ಮೂವತ್ತೆರಡು ಜನ. ಹಿಂದಿನ ಸಾಲಿನ ಮಕ್ಕಳೆಲ್ಲ ಎರಡೆರಡು ಕೈ ಎತ್ತಿದ್ದರು. ಮಕ್ಕಳಿಗೆ ಮತವಿಲ್ಲವೆಂದು ತಿಳಿಹೇಳಿದ್ದಕ್ಕೆ ಮಾಲವಿಕಾ, “ಇಟ್ಸ್ ಫಾರ್ ಅಸ್, ಬಟ್ ವಿ ಕಾಂಟ್ ವೋಟ್?” ಎಂದಳು. ಪಂಚಾಕ್ಷರಿ ಮಕ್ಕಳನ್ನು ಹೊರಗಿನ ಹುಲ್ಲಿಗೆ ಕಳಿಸಿ ಮತ್ತೆ ಎಣಿಸಿದ. ಪರವಾಗಿ ಇಪ್ಪತ್ಮೂರು, ವಿರುದ್ಧ ಎಂಟು. ಒಂದು ಕೈ ಎತ್ತಲೂ ಇಲ್ಲ, ಇಳಿಸಲೂ ಇಲ್ಲ, ತೊಡೆಯ ಮೇಲೆ ಮಡಚಿಕೊಂಡಿತ್ತು. ಅದು ನಂಜುಂಡಪ್ಪನವರದು.

“ಮೂವತ್ತೊಂದರಲ್ಲಿ ಇಪ್ಪತ್ಮೂರು. ಕಾಲು ಮತ ಕಡಿಮೆ ಬಿತ್ತು,” ಎಂದ ಸೋಮಶೇಖರ, ಫೋನಿನ ಕ್ಯಾಲ್ಕುಲೇಟರ್ ತೋರಿಸುತ್ತ. ಅವನ ದನಿಯಲ್ಲಿ ಸಂತೋಷವಿತ್ತು.

ಹತ್ತು ವಾರ. ಇಪ್ಪತ್ತೊಂದು ದಿನ. ಕಾಲು ಮತ. ಪಂಚಾಕ್ಷರಿಗೆ ಅಲ್ಲೇ ನೆಲದ ಮೇಲೆ ಕೂತುಬಿಡೋಣ ಎನಿಸಿತು.

ಅಷ್ಟರಲ್ಲಿ ನಂಜುಂಡಪ್ಪನವರ ಆರು ವರ್ಷದ ಮೊಮ್ಮಗ ಹುಲ್ಲಿನಿಂದ ಓಡಿಬಂದು ಅವರ ತೋಳು ಜಗ್ಗಿದ. ಅಜ್ಜನ ಜೊತೆ ಆ ಹುಡುಗ ಎಂದೂ ಇಂಗ್ಲಿಷ್ ಬಿಟ್ಟು ಬೇರೆ ಆಡಿದವನಲ್ಲ. “ಅಜ್ಜ, ಕನ್ನಡ ಮನೆ. ಐ ಕ್ಯಾನ್ ಸೇ ಇಟ್. ಕನ್ನಡ ಮನೆ,” ಎಂದು ಸ್ಪಷ್ಟವಾಗಿ, ಳಕಾರದ ತೊಡಕಿಲ್ಲದೆ ಹೇಳಿದ. ಮುದುಕರ ತೊಡೆಯ ಮೇಲಿದ್ದ ಕೈ ನಿಧಾನವಾಗಿ ಮೇಲೆ ಹೋಯಿತು.

ಮೂವತ್ತೆರಡರಲ್ಲಿ ಇಪ್ಪತ್ನಾಲ್ಕು. ಸರಿಯಾಗಿ ನಾಲ್ಕನೇ ಮೂರು.

ಮಧ್ಯಾಹ್ನ ಮನೆಗೆ ಬಂದ ಪಂಚಾಕ್ಷರಿ, ಉಣ್ಣುವುದಕ್ಕೂ ಮೊದಲು ಅರ್ಜಿ ತುಂಬಿ ಕಳಿಸಿದ. ಯಾರಾದರೂ ಮನಸ್ಸು ಬದಲಾಯಿಸುವ ಮೊದಲು ಮುಗಿಯಲಿ ಎಂಬ ಆತುರ. ಪತ್ರವ್ಯವಹಾರದ ವಿಳಾಸ ಎಂಬಲ್ಲಿ ಸಂಘಕ್ಕೆ ಸ್ವಂತ ಜಾಗವಿಲ್ಲದ್ದರಿಂದ ಎಂದಿನಂತೆ ತನ್ನ ಮನೆಯದನ್ನೇ ಬರೆದ. ಊಟ ಮಾಡಿ ಸೋಫಾದ ಮೇಲೆ ಕಾಲು ಚಾಚಿದವನಿಗೆ ಗಣಪತಿಯ ಮೂರು ಕರೆಗಳು ಬಂದದ್ದೂ ಕೇಳಿಸದಷ್ಟು ನಿದ್ದೆ.

ಐದು ಗಂಟೆಗೆ ಬಾಗಿಲ ಗಂಟೆ ಸದ್ದು ಮಾಡಿತು.

ತೆರೆದರೆ ಹೊರಗೆ ಇಬ್ಬರು. ಬೆನ್ನ ಮೇಲೆ ಚೀಲ, ಕೈಯಲ್ಲಿ ಎಳೆಯುವ ಸೂಟ್‌ಕೇಸು, ಅದರ ಮೇಲೆ ಕಟ್ಟಿದ ಪ್ರೆಷರ್ ಕುಕ್ಕರ್.

“ನಮಸ್ಕಾರ್ರಿ ಅಂಕಲ್. ಇದ ಕನ್ನಡ ಮನಿ ಹೌದಲ್ರಿ?” ಎಂದ ಹುಡುಗ. “ನಾ ಉತ್ತಮ್ ರೀ, ಕಲಬುರಗಿ. ಇಕಿ ಶರಣ್ಯಾ, ನಮ್ಮ ಕ್ಲಾಸ್. ಹಾಸ್ಟೆಲ್ದಾಗ ಇವತ್ತಿಗಿ ನಮ್ಮ ದಿನ ಮುಗಿತಾವ್ರಿ. ರೂಮು ಎಲ್ಲಿ ನೋಡಿದ್ರೂ ಸಿಗವಲ್ದು.”

“ಇದು ಮನೆ ಹೌದು,” ಎಂದ ಪಂಚಾಕ್ಷರಿ. “ಅಂದ್ರೆ, ನಮ್ಮ ಮನೆ. ಆ ಮನೆ ಅಂದ್ರೆ ಸಂಘ.”

“ಸಂಘ ಮೊದಲೂ ಇತ್ತಲ್ಲ ಅಂಕಲ್,” ಎಂದಳು ಶರಣ್ಯಾ. “ದಕ್ಷಿಣ ಕನ್ನಡ ಅಂತಿತ್ತು. ನಾನು ತುಮಕೂರು, ನಮಗೆ ಸಂಬಂಧ ಇಲ್ಲ ಅಂತ ಸುಮ್ನಾಗ್ಬಿಟ್ಟೆ. ಇವತ್ತು ಇದು ನೋಡಿದ ತಕ್ಷಣ ಹೊರಟ್ಬಿಟ್ವಿ.”

ಅವಳು ಫೋನು ಮುಂದೆ ಹಿಡಿದಳು. ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಯಾರೋ ದಾಟಿಸಿದ ಒಂದು ಚಿತ್ರ. ಬಣ್ಣದ ಪೆನ್ಸಿಲಿನಲ್ಲಿ ಬರೆದ ಹೆಂಚಿನ ಮನೆ, ತೆರೆದ ಬಾಗಿಲು, ಕೆಳಗೆ ಏರುಪೇರಾದ ಕನ್ನಡ ಅಕ್ಷರಗಳಲ್ಲಿ: ‘ಪರ್ತ್‌ಗೆ ಹೊಸಬರಾ? ಕನ್ನಡ ಮನೆಗೆ ಬನಿ.’ ಒಂದು ನಕಾರದ ಒತ್ತು ತಪ್ಪಿತ್ತು. ವಿಳಾಸ ಮಾತ್ರ ತಪ್ಪಿಲ್ಲದೆ ಇತ್ತು, ಮನೆ ನಂಬರ್ ಸಮೇತ.

“ಮಾಲವಿಕಾ,” ಎಂದು ಕೂಗಿದ.

ಅವಳು ಬಂದಳು. ಬೆರಳಿಗೆ ಇನ್ನೂ ಬಣ್ಣ ಹತ್ತಿತ್ತು. “ಯು ಸೆಡ್ ಇಟ್ಸ್ ಫಾರ್ ನ್ಯೂಕಮರ್ಸ್, ಅಪ್ಪ. ಐ ಲುಕ್ಡ್ ಅಪ್ ಎವ್ರಿ ಲೆಟರ್.”

ಎರಡು ವರ್ಷ ಶನಿವಾರದ ಕನ್ನಡ ಶಾಲೆಗೆ ಎಳೆದುಕೊಂಡು ಹೋದರೂ ಒಂದು ಸಾಲು ಬರೆಯದಿದ್ದ ಹುಡುಗಿ. ‘ಆ ಹೆಸರಿಗೆ ಇನ್ನೂ ಮಂಜೂರಾತಿ ಬಂದಿಲ್ಲ, ಅಳಿಸು’ ಎಂದು ಹೇಳಲು ಬಾಯಿ ತೆರೆದ ಪಂಚಾಕ್ಷರಿ ಹಾಗೇ ಮುಚ್ಚಿಕೊಂಡ. ಅಷ್ಟರಲ್ಲಿ ಕಸ್ತೂರಿ, “ಒಳಗೆ ಬನ್ರಪ್ಪ, ನಿಂತೇ ಇದೀರಲ್ಲ” ಎಂದು ಕುಕ್ಕರನ್ನು ಇಸಿದುಕೊಂಡು ಅಡಿಗೆಮನೆಗೆ ಒಯ್ದಾಗಿತ್ತು.

ಚಿತ್ರಾನ್ನದ ತಟ್ಟೆಗಳ ನಡುವೆ ಅವನು ಲ್ಯಾಪ್‌ಟಾಪ್ ತೆರೆದು ಕೂತ. ಇನ್ನೊಂದು ವಿಶೇಷ ಸಭೆ, ಇನ್ನೊಂದು ಹೆಸರು. ‘ಮನೆ’ ಎಂಬ ಪದವನ್ನು ಕಿತ್ತುಹಾಕದಿದ್ದರೆ ಉಳಿಗಾಲವಿಲ್ಲ. ಇಪ್ಪತ್ತೊಂದು ದಿನ ಹೇಗೋ ತಡೆದುಕೊಂಡರಾಯಿತು.

“ಏನ್ ಬರಿಯಾಕತ್ತೀರಿ ಅಂಕಲ್?” ಎಂದ ಉತ್ತಮ್, ಬಾಯ್ತುಂಬ ಅನ್ನದೊಂದಿಗೆ.

ಪಂಚಾಕ್ಷರಿ ವಿವರಿಸಿದ. ಹೆಸರು, ನೋಟಿಸು, ನಾಲ್ಕನೇ ಮೂರು, ಎಲ್ಲ. ಉತ್ತಮ್ ಶಾಂತವಾಗಿ ಕೇಳಿದ. “ಅಂದ್ರ ಮೆಂಬರ್ ಆದ್ರ ನಮಗೂ ವೋಟ್ ಅದ ಹೌದಲ್ರಿ?”

“ಸಮಿತಿ ಒಪ್ಪಿದ್ರೆ ಇದೆ.”

“ಸಮಿತಿ ಒಪ್ಪಿಯಾಯ್ತು,” ಎಂದಳು ಕಸ್ತೂರಿ ಒಲೆಯ ಕಡೆಯಿಂದ. “ನಂಜುಂಡಪ್ಪ ಅಂಕಲ್‌ಗೆ ಫೋನ್ ಮಾಡಿದ್ದೆ. ಹನ್ನೆರಡು ವರ್ಷದಲ್ಲಿ ಒಂದೇ ದಿನ ಆನ್‌ಲೈನಲ್ಲಿ ಇಷ್ಟು ಮೆಂಬರ್‌ಶಿಪ್ ಫಾರಂ ಬಂದಿರ್ಲಿಲ್ಲ ಅಂತ ಖುಷಿ ಅವ್ರಿಗೆ. ಎಲ್ಲಾರೂ ಮೆಸೇಜಲ್ಲೇ ಹೂಂ ಅಂದ್ಬಿಟ್ರು.”

“ಇಷ್ಟು ಅಂದ್ರೆ ಎಷ್ಟು?”

“ಹತ್ತೊಂಬತ್ತು,” ಎಂದಳು ಶರಣ್ಯಾ. “ನಮ್ಮ ಗ್ರೂಪ್‌ನವ್ರೆಲ್ಲ ತುಂಬಿದಾರೆ ಅಂಕಲ್. ಈಗ್ಲೇ ಮೆಸೇಜ್ ಹಾಕಿ ಕೇಳ್ದೆ, ಹೆಸರು ಬದ್ಲಾಯಿಸೋದು ಮಾತ್ರ ಬೇಡ ಅಂತಾರೆ. ಎಲ್ರಿಗೂ ತುಂಬಾ ಇಷ್ಟ ಆಗಿದೆ.”

ಪಂಚಾಕ್ಷರಿ ಲೆಕ್ಕ ಹಾಕಿದ. ಹಳೆಯ ಮೂವತ್ತೆರಡೂ ಜನ ಒಂದೇ ಮನಸ್ಸಿನಿಂದ ಕೈಯೆತ್ತಿದರೂ ಐವತ್ತೊಂದರಲ್ಲಿ ನಾಲ್ಕನೇ ಮೂರು ಈ ಜನ್ಮದಲ್ಲಿ ಆಗುವುದಿಲ್ಲ. ಅವನು ಲ್ಯಾಪ್‌ಟಾಪ್ ಮುಚ್ಚಿದ. ಹೊರಗೆ ಕಾರೊಂದು ನಿಂತ ಸದ್ದು, ಡಿಕ್ಕಿ ತೆರೆದ ಸದ್ದು, ಸೂಟ್‌ಕೇಸಿನ ಚಕ್ರಗಳು ಕಾಂಕ್ರೀಟಿನ ಮೇಲೆ ಉರುಳುವ ಸದ್ದು ಒಂದರ ಹಿಂದೊಂದು ಕೇಳಿಸಿದವು.

ಮಾಲವಿಕಾ ಅವನಿಗಿಂತ ಮುಂಚೆ ಓಡಿಹೋಗಿ ಬಾಗಿಲು ತೆರೆದಳು.

“ಬನ್ನಿ, ಒಳಗೆ ಬನ್ನಿ,” ಎಂದಳು. “ಅಪ್ಪ ಸೋಫಾ ಬಿಟ್ಟು ಕೊಡ್ತಾರೆ.”