ಅರವತ್ತೆಂಟೂವರೆಯ ಭಾಷಣ

ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆಗೆಂದು ಬಂದಿದ್ದ ಇಪ್ಪತ್ತೈದು ಕಿಲೋ ಸಕ್ಕರೆಯನ್ನು ಸಂಸ್ಥೆಯ ಅಧ್ಯಕ್ಷ ಕರಬಸಪ್ಪನವರು ತಮ್ಮ ಮಗಳ ಮದುವೆಗೆ ಒಯ್ದರು.

ಇದು ಸಾವಿರದ ಒಂಬೈನೂರ ಎಂಬತ್ತರ ಮೇ ತಿಂಗಳ ಮಾತು. ಆ ವರ್ಷ ಹಾನಗಲ್ಲಿನಲ್ಲಿ ಸಕ್ಕರೆ ಸಿಗುವುದು ಹುಲಿಯ ಹಾಲು ಸಿಕ್ಕಷ್ಟೇ ಸುಲಭವಾಗಿತ್ತು. ಮಾವಿನಹಣ್ಣು ಮಾತ್ರ ಬುಟ್ಟಿಗಟ್ಟಲೆ ಬಂದು ಪ್ರಯೋಗಶಾಲೆಯ ಮೂಲೆಯಲ್ಲಿ ಘಮಘಮಿಸುತ್ತಿತ್ತು. ಮರುದಿನ ಬೆಳಿಗ್ಗೆ ಪರೀಕ್ಷೆ. ಹದಿನೆಂಟು ವಿದ್ಯಾರ್ಥಿಗಳು ತಲಾ ಒಂದು ಕಿಲೋ ಹಣ್ಣಿನ ತಿರುಳಿಗೆ ಒಂದು ಕಿಲೋ ಸಕ್ಕರೆ ಹಾಕಿ ಜಾಮ್ ಕಾಯಿಸಿ ತೋರಿಸಬೇಕಿತ್ತು. ತೋರಿಸಿದವರಿಗೆ ಆಹಾರ ವಿಜ್ಞಾನದ ಸರ್ಟಿಫಿಕೇಟು, ತೋರಿಸದವರಿಗೆ ಊರ ಬಸ್ಸು.

ಆಹಾರ ವಿಜ್ಞಾನದ ಏಕೈಕ ಮಾಸ್ತರ ಜಯತೀರ್ಥರು ಆರು ವರ್ಷಗಳಿಂದ ಹಂಗಾಮಿ. ಸುದ್ದಿ ಕೇಳಿದವರೇ ಅಧ್ಯಕ್ಷರ ಮನೆಗೆ ಓಡಿದರು. ಚಪ್ಪರದಡಿ ಹೊಸ ಧೋತರದಲ್ಲಿ ಕರಬಸಪ್ಪನವರು ಹಿಟ್ಟು ಕಟ್ಟಿದ ಮೃದಂಗದಂತೆ ಕುಳಿತಿದ್ದರು.

"ಸಕ್ಕರಿ ಏನ್ ಮಹಾ ಮಾಸ್ತರ? ಹುಡುಗೂರಿಗೆ ಬೇಕಾಗಿದ್ದು ಧೈರ್ಯ. ಇವತ್ತು ಮಧ್ಯಾಹ್ನ ಒಂದು ಗಟ್ಟಿ ಭಾಷಣ ಹೊಡೀರಿ. ಸಕ್ಕರಿ ಅನ್ನೋ ಶಬ್ದನ ಮರೀಬೇಕು ಅವು. ನಾಳೆ ಪರೀಕ್ಷಕರ ಮುಂದ ಯಾರೂ ಪಿಟ್ಟ ಅನ್ನಬಾರದು."

"ಸಕ್ಕರಿ ಇಲ್ಲದ ಜಾಮ್ ಹ್ಯಾಂಗ ಆಗತದರಿ?"

"ಅದು ನಿಮ್ಮ ವಿಜ್ಞಾನ. ನನ್ನ ವಿಜ್ಞಾನ ಕೇಳ್ರಿ. ಹದಿನೆಂಟೂ ಪಾಸಾದ್ರ ನಿಮ್ಮ ಕಾಯಂ ಆದೇಶಕ್ಕ ಸಹಿ. ಇಲ್ಲಾಂದ್ರ ಆ ಕ್ಲಾಸಿಗೂ ಕೀಲಿ, ನಿಮಗೂ ಕೀಲಿ."

ಮನೆಯಲ್ಲಿ ಹೆಂಡತಿ ವಿಮಲಾಬಾಯಿ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು. "ಭಾಷಣಾ? ನೀವಾ? ನಮ್ಮ ಲಗ್ನದಾಗ ನನ್ನ ಹೆಸರು ಒಡಪಿನೊಳಗ ಹೇಳ್ರಿ ಅಂದ್ರ ಮುಕ್ಕಾಲು ತಾಸು ಕೆಮ್ಮಿದ್ರಿ."

ಬಾಗಿಲಲ್ಲೇ ನಿಂತು ಕೇಳಿಸಿಕೊಂಡ ಡ್ರಿಲ್ ಮಾಸ್ತರ ವಿಠ್ಠಲರಾಯರು ಕರೆಯದೇ ಒಳಗೆ ಬಂದರು. ಊರಲ್ಲಿ ಯಾರ ತಲೆಗೆ ಬೆಂಕಿ ಬಿದ್ದರೂ ಮೊದಲು ಗಾಳಿ ಹಾಕುವವರು ಅವರೇ. "ಹೆದರಬ್ಯಾಡ್ರಿ ಜಯತೀರ್ಥ. ಮುಷ್ಟಿ ಬಿಗೀರಿ, ಎದಿ ಮುಂದ ಮಾಡ್ರಿ, ಹತ್ತು ಸಲ ಸಿಂಹ ಅನ್ರಿ. ಭಾಷಣ ತಾನ ಬರತದ." ಹಾಗೆಂದು ಅಲ್ಲೇ ಕೂತು, ಎರಡು ಕಪ್ಪು ಚಹಾ ಕುಡಿದು, ಹದಿನಾಲ್ಕು ಸಿಂಹಗಳಿರುವ ಒಂದು ಪುಟವನ್ನು ಬರೆದುಕೊಟ್ಟರು.

ಮಧ್ಯಾಹ್ನ ಮೂರಕ್ಕೆ ಪ್ರಯೋಗಶಾಲೆಯಲ್ಲಿ ಹದಿನೆಂಟು ಮಂದಿ ಸಾಲಾಗಿ ಕುಳಿತರು. ಜಯತೀರ್ಥರು ಮುಷ್ಟಿ ಬಿಗಿದರು. ಎದೆ ಮುಂದೆ ಮಾಡಲು ಹೋದಾಗ ಅಂಗಿಯ ಗುಂಡಿ ಕಿತ್ತು ಬೀಕರಿನೊಳಗೆ ಟಣ್ಣೆಂದು ಬಿತ್ತು.

"ನೀವೆಲ್ಲ ಸಿಂಹಗಳು!" ಎಂದರು.

ನಾಲ್ಕನೆಯ ಸಿಂಹಕ್ಕೆ ಹಿಂದಿನ ಸಾಲು ಆಕಳಿಸಿತು. ಏಳನೆಯ ಸಿಂಹಕ್ಕೆ ತಿಳವಳ್ಳಿಯ ಮಂಜವ್ವ ಕೈ ಎತ್ತಿದಳು. "ಸರ, ಸಿಂಹ ಇರ್ಲಿ ಬಿಡ್ರಿ. ಸ್ಟೋರಿನಾಗ ಸಕ್ಕರಿ ಚೀಲ ಕಾಣವಲ್ದು."

"ಸಕ್ಕರಿ ಮುಖ್ಯ ಅಲ್ಲವಾ. ಮುಖ್ಯ ಆತ್ಮವಿಶ್ವಾಸ."

ಹುಲಗೂರಿನ ದಿಲಾವರ ಎದ್ದು ನಿಂತ. ಬಾಯಿ ಬಿಟ್ಟರೆ ಪ್ರಶ್ನೆ, ಮುಚ್ಚಿದರೆ ನಗು, ಅಂಥವನು. "ಸರ, ಆತ್ಮವಿಶ್ವಾಸ ಕಾಯ್ಸಿದ್ರ ಎಷ್ಟು ಬ್ರಿಕ್ಸ್ ಬರತೈತ್ರಿ?"

ನಗು ಸಾಲಿನಿಂದ ಸಾಲಿಗೆ ಉರುಳಿತು. ಬ್ರಿಕ್ಸ್ ಎಂದರೆ ಜಾಮಿನೊಳಗೆ ಕರಗಿದ ಸಕ್ಕರೆಯ ಅಳತೆ. ಅದು ಜಯತೀರ್ಥರ ಪಾಲಿನ ದೇವರು. ದೇವರನ್ನು ಯಾರಾದರೂ ಚೇಷ್ಟೆ ಮಾಡಿದರೆ ಸಹಿಸುವ ಮನುಷ್ಯ ಅವರಲ್ಲ. ವಿಠ್ಠಲರಾಯರ ಹಾಳೆಯನ್ನು ಹರಿದು ಬುಟ್ಟಿಗೆ ಎಸೆದರು.

"ಅರವತ್ತೆಂಟೂವರಿ!" ಎಂದು ಗುಡುಗಿದರು. "ಅರವತ್ತೆಂಟರ ಕೆಳಗ ಇಳೀತೋ, ತಿಂಗಳೊಳಗ ಬೂಸ್ಟು ಬರತದ. ಎಪ್ಪತ್ತು ದಾಟಿಸಿ ಕಾಯಿಸಿದಿರೋ, ಬಾಟಲಿಯೊಳಗ ಸಕ್ಕರಿ ಹರಳು ಕಟ್ಟತದ. ನಡುವ ಇರೋದು ಒಂದು ಕೂದಲೆಳಿ ದಾರಿ. ಆ ದಾರಿಯೊಳಗ ನಡಿಯೋನ ಆಹಾರ ವಿಜ್ಞಾನಿ. ಉಳಿದವ ಬರೇ ಅಡಗಿ ಭಟ್ಟ!"

ಆಕಳಿಕೆ ನಿಂತಿತು. ಜಯತೀರ್ಥರಿಗೆ ತಾವು ಯಾಕೆ ನಿಂತಿದ್ದೇವೆ ಎಂಬುದೇ ಮರೆತುಹೋಯಿತು. ಮೇಜಿನ ಮೇಲಿದ್ದ, ಬ್ರಿಕ್ಸ್ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಮಗುವಿನಂತೆ ಎತ್ತಿಕೊಂಡರು.

"ಇದರ ಗಾಜು ಮೊದಲು ಭಟ್ಟಿ ಇಳಿಸಿದ ನೀರಿನಿಂದ ಒರಸ್ರಿ. ನೀರಿನ ಹನಿಗೆ ಸೊನ್ನಿ ತೋರಿಸತದೋ ಇಲ್ಲೋ ನೋಡ್ರಿ. ಸುಡು ಸುಡು ಜಾಮ್ ಇಟ್ರ ಇದೂ ಸುಳ್ಳು ಹೇಳತದ, ಆರಿಸಿ ಇಡ್ರಿ. ತಿರುಳಿನ್ಯಾಗ ಜಾಮ್ ಗಟ್ಟಿ ಮಾಡೋ ಪೆಕ್ಟಿನ್ ಎಷ್ಟದ ಅಂತ ಊಹಾ ಮಾಡಬ್ಯಾಡ್ರಿ. ಒಂದು ಚಮಚಾ ರಸಕ್ಕ ಸ್ಪಿರಿಟ್ ಹಾಕ್ರಿ. ಒಂದೇ ಗಡ್ಡಿ ಆತು, ಪೆಕ್ಟಿನ್ ಭರ್ತಿ. ಚೂರು ಚೂರು ಆತು, ಕಡಿಮಿ. ಹುಳಿ ಕಡೀಕ ಹಾಕ್ರಿ. ಚಮಚಾ ಎತ್ತಿ ಓರೆ ಮಾಡಿದಾಗ ಹನಿ ಹನಿ ಬಿದ್ರ ಇನ್ನೂ ಕಾಯಿಸ್ರಿ, ಹಾಳೀ ಹಂಗ ಜಾರಿ ಬಿದ್ರ ಇಳಸ್ರಿ. ಮುಚ್ಚಳ ಉಬ್ಬಿದ ಡಬ್ಬಿನ ನಾಲಿಗಿಗೆ ಹಚ್ಚಿ ನೋಡೋ ಶೂರತನ ಬ್ಯಾಡ, ಹೂತು ಹಾಕ್ರಿ. ನಾವು ಒಂದು ಸಹಿ ಮಾಡ್ತೇವಿ, ಎಲ್ಲೋ ಒಂದು ಕೂಸು ಅದನ್ನ ನಂಬಿ ರೊಟ್ಟಿಗೆ ಹಚ್ಚಿಕೊಂಡು ತಿಂತದ. ಗೊತ್ತಾತೇನು?"

ಎರಡನೇ ಸಾಲಿನಲ್ಲಿ ಸವಣೂರಿನ ನಸೀರಾ ಬರೆಯುವುದನ್ನೂ ಬಿಟ್ಟು ನೋಡುತ್ತಿದ್ದಳು. ತರಗತಿಯ ದಾಸ್ತಾನಿನ ಜವಾಬ್ದಾರಿ ಅವಳದು. ಗ್ರಾಮು ತಪ್ಪಿದರೂ ನಿದ್ದೆಗೆಡುವ ಹುಡುಗಿ.

"ಎಲ್ಲಾಕಿಂತ ಮೊದಲು ಕಚ್ಚಾ ಮಾಲು!" ಮಾಸ್ತರರ ಧ್ವನಿ ಈಗ ಹೊರಗಿನ ಬೇವಿನ ಮರದ ಕಾಗೆಗಳನ್ನೂ ಎಬ್ಬಿಸಿತು. "ತೂಗಿ ತಗೋರಿ. ತೂಕ ಕಡಿಮಿ ಬಂತೋ, ಕೊಟ್ಟವನ ಮನೀ ಬಾಗಲಿಗೆ ಹೋಗಿ ಕೇಳ್ರಿ. ಅವ ಎಷ್ಟು ದೊಡ್ಡವ ಇದ್ರೂ ಸೈ. ಅಂಜಬ್ಯಾಡ್ರಿ!"

ಹದಿನೆಂಟು ಬೆಂಚುಗಳು ಒಟ್ಟಿಗೆ ಸರಿದವು.

"ಎಲ್ಲಿಗೆ?" ಎಂದರು ಜಯತೀರ್ಥರು.

"ಕೊಟ್ಟವರ ಮನೀ ಬಾಗಲಿಗ್ರಿ. ಚೀಲ ಅಧ್ಯಕ್ಷರ ಮನೀಗೆ ಹೋಗಿದ್ದು ಊರಿಗೇ ಗೊತ್ತೈತ್ರಿ" ಎಂದಳು ನಸೀರಾ. ತಕ್ಕಡಿ ಅವಳ ಕೈಯಲ್ಲೇ ಇತ್ತು.

"ಏ, ನಿಂದ್ರಿ! ನಾ ತತ್ವ ಹೇಳಿದ್ದೆ, ತತ್ವ!" ಎಂದು ಮಾಸ್ತರರು ಹಿಂದೆ ಓಡಿದರು. ಪೇಟೆಯಲ್ಲಿ ಕಂಡವರಿಗೆ, ಮಾಸ್ತರರೇ ಮೆರವಣಿಗೆಯ ಹಿಂದೆ ನಿಂತು ದಬ್ಬುತ್ತಿದ್ದಾರೆ ಅನಿಸಿತು.

ಚಪ್ಪರದಲ್ಲಿ ಗಂಡಿನ ಕಡೆಯವರು ಆಗಷ್ಟೇ ರಟ್ಟೀಹಳ್ಳಿಯಿಂದ ಬಂದಿಳಿದು ಕಾಲು ತೊಳೆಯುತ್ತಿದ್ದರು. ದಿಲಾವರ ಎಲ್ಲರಿಗೂ ಕೇಳುವಂತೆ ಕೈ ಮುಗಿದ. "ಅಧ್ಯಕ್ಷರ, ನಮಸ್ಕಾರ. ಪರೀಕ್ಷಾದ ಸಕ್ಕರಿ ನಿಮ್ಮಲ್ಲಿ ಹಾದಿ ತಪ್ಪಿ ಬಂದೈತಂತ. ಕರಕೊಂಡು ಹೋಗಾಕ ಬಂದೇವ್ರಿ."

ಕಾಲು ತೊಳೆಯುತ್ತಿದ್ದ ಬೀಗರು ಚೊಂಬನ್ನು ಹಾಗೇ ಹಿಡಿದರು. "ಏನ್ರಿ ಬೀಗರ? ಹುಡುಗೂರ ಪರೀಕ್ಷಾದ ಸಕ್ಕರೀದೇನು ನಮ್ಮ ಬುಂದೆ ಲಾಡು?"

ಕರಬಸಪ್ಪನವರ ಮುಖ ಹಾಗಲಕಾಯಿಯ ಬಣ್ಣಕ್ಕೆ ತಿರುಗಿತು. "ಛೇ, ಛೇ! ಇಲಿ ಕಾಟ ಅಂತ ನಮ್ಮಲ್ಲಿ ಇಡ್ಸಿದ್ದೆ. ಏ ಭರಮವ್ವ, ಆ ಚೀಲ ತಂದು ಕೊಡು ಇವರಿಗೆ!"

ಅಡುಗೆ ಮನೆಯ ಹಿರೇತನ ಮಾಡುತ್ತಿದ್ದ ಭರಮವ್ವ ಚೀಲ ತಂದು ಹಾಕಿದಳು. ನಸೀರಾ ತಕ್ಕಡಿ ಹಚ್ಚಿದಳು. "ಹದಿನೆಂಟು ಕಿಲೋ ಐತಿ. ಏಳು ಕಡಿಮಿ."

ಹದಿನೆಂಟು ಮಂದಿಗೆ ಹದಿನೆಂಟು ಕಿಲೋ. ಪರೀಕ್ಷೆಗೆ ಅಷ್ಟು ಸಾಕೇ ಸಾಕಾಗಿತ್ತು. ಆದರೆ ಜಯತೀರ್ಥರಿಗೆ ಭಾಷಣದ ಕಾವು ಇನ್ನೂ ಇಳಿದಿರಲಿಲ್ಲ. ಬೀಗರು ಬೇರೆ ಮೆಚ್ಚುಗೆಯಿಂದ ತಲೆದೂಗುತ್ತಿದ್ದರು. "ಪೂರಾ ಇಪ್ಪತ್ತೈದು ಬೇಕ್ರಿ. ಗ್ರಾಮು ಬಿಡೂದಿಲ್ಲ!" ಎಂದುಬಿಟ್ಟರು. ಜೀವನದಲ್ಲಿ ಮೊದಲ ಸಲ ಅಷ್ಟು ದೊಡ್ಡ ಮಾತು ಅವರ ಬಾಯಿಂದ ಬಂದಿತ್ತು.

ಚೀಲ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಬಾಯಿ ಹೊಲಿಸಿಕೊಂಡು ಹೊರಗೆ ಬಂತು. ಸರಿಯಾಗಿ ಇಪ್ಪತ್ತೈದು ಕಿಲೋ. ಹುಡುಗರು ಚಪ್ಪಾಳೆ ತಟ್ಟಿದರು. ಕರಬಸಪ್ಪನವರು ನಗುನಗುತ್ತಲೇ ನಸೀರಾ ತಂದಿದ್ದ ದಾಸ್ತಾನು ಪುಸ್ತಕವನ್ನು ಇಸಿದುಕೊಂಡು ಮುಂದೆ ಹಿಡಿದರು. "ಬರೀರಿ ಮಾಸ್ತರ, ಬೀಗರ ಎದುರಿಗೇ ಬರೀರಿ."

'ಇಪ್ಪತ್ತೈದು ಕಿಲೋ ಸಕ್ಕರೆಯನ್ನು ಪರೀಕ್ಷಿಸಿ ಪಡೆದಿದ್ದೇನೆ' ಎಂದು ಬರೆದು ಜಯತೀರ್ಥರು ಸಹಿಯ ಬಾಲವನ್ನು ಅಂಚಿನವರೆಗೂ ಎಳೆದರು.

ಪ್ರಯೋಗಶಾಲೆಗೆ ಮರಳಿ, ನಸೀರಾ ಹೊಲಿಗೆ ಬಿಚ್ಚಿದಳು. ಹತ್ತು ಗ್ರಾಂ ತೂಗಿ ನೂರು ಮಿಲಿ ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿದಳು. ರಿಫ್ರ್ಯಾಕ್ಟೋಮೀಟರು ಒಂಬತ್ತು ದಾಟಿ ತೋರಿಸಿತು.

"ನೋಡಿದಿಯಾ, ಲೆಕ್ಕಕ್ಕ ಸರಿ ಅದ" ಎಂದರು ಮಾಸ್ತರರು.

"ಲೆಕ್ಕಕ್ಕಿಂತ ತುಸು ಹೆಚ್ಚೈತ್ರಿ" ಎಂದ ಅವಳು, ಒಂದು ನಳಿಗೆಯಲ್ಲಿ ಬರೀ ನೀರು, ಇನ್ನೊಂದರಲ್ಲಿ ಸಕ್ಕರೆ ನೀರು ಹಿಡಿದು, ಎರಡಕ್ಕೂ ಬೆಳ್ಳಿಯ ನೈಟ್ರೇಟಿನ ಎರಡೆರಡು ಹನಿ ಬಿಟ್ಟಳು. ಬರೀ ನೀರು ತಿಳಿಯಾಗಿಯೇ ಇತ್ತು. ಸಕ್ಕರೆ ನೀರು ಹಾಲು ಒಡೆದಂತೆ ಬೆಳ್ಳಗೆ ಗಟ್ಟಿ ಕಟ್ಟಿತು.

"ಉಪ್ಪು" ಎಂದಳು.

ಮಂಜವ್ವ ಚೀಲದಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಿಟಕಿಯತ್ತ ಓಡಿದಳು. ಲಾಡಿಗೆ ಹೋದ ಏಳು ಕಿಲೋದ ಜಾಗಕ್ಕೆ ಭರಮವ್ವ ಏಳು ಕಿಲೋ ಉಪ್ಪು ಸುರಿದು, ಹಿಟ್ಟು ನಾದಿದಂತೆ ಕಲೆಸಿ ಕೊಟ್ಟಿದ್ದಳು. ಹದಿನೆಂಟು ಕಿಲೋ ಒಳ್ಳೆಯ ಸಕ್ಕರೆಯೂ ಈಗ ಹಾಳು.

ಜಯತೀರ್ಥರು ಅಟೆಂಡರ್ ಮೆಹಬೂಬನನ್ನು ಅಧ್ಯಕ್ಷರ ಕಡೆಗೆ ಓಡಿಸಿದರು. ಓಡಿದಷ್ಟೇ ಬೇಗ ಅವನು ತಿರುಗಿ ಬಂದ. "ಪರೀಕ್ಷಿಸಿ ಪಡೆದೇನಿ ಅಂತ ನೀವ ಬರದೀರಂತರಿ. ಉಪ್ಪು ಹಾಕಿದವರು ನೀವ ಇರಬೇಕಂತ ಅವರ ಅನುಮಾನ."

ಮಾಸ್ತರರು ಸ್ಟೂಲಿನ ಮೇಲೆ ಕುಸಿದರು. ಅಷ್ಟರಲ್ಲಿ ಉಪ್ಪಿನ ಸುದ್ದಿ ಕೇಳಿದ ವಿಠ್ಠಲರಾಯರು ಓಡಿಬಂದು ಕಿವಿಯಲ್ಲಿ ಉಸುರಿದರು. "ಜಯತೀರ್ಥ, ಬದುಕಿದಿರಿ! ನಾಳೆ ಬರೋ ಪರೀಕ್ಷಕರಿಗೆ ಸಕ್ಕರಿ ಬ್ಯಾನಿ ಅದ. ಹತ್ತು ವರ್ಷದಿಂದ ಜಾಮ್ ನಾಲಿಗಿಗೆ ಹಚ್ಚಿಲ್ಲ. ಗಾಜಿನ್ಯಾಗ ನೋಡತಾರ, ಅಂಕಿ ಬರಕೋತಾರ, ಹೋಗತಾರ!"

ಜಯತೀರ್ಥರು ಮೆಲ್ಲಗೆ ತಲೆ ಎತ್ತಿದರು. ಹೌದಲ್ಲ! ಕರಗಿದ್ದು ಸಕ್ಕರೆಯೋ ಉಪ್ಪೋ ಎಂದು ರಿಫ್ರ್ಯಾಕ್ಟೋಮೀಟರಿಗೆ ತಿಳಿಯುವುದಿಲ್ಲ. ಅದು ಅರವತ್ತೆಂಟೂವರೆ ತೋರಿಸಿಯೇ ತೋರಿಸುತ್ತದೆ. ಹದಿನೆಂಟೂ ಪಾಸು. ಕಾಯಂ ಆದೇಶ. ಮನೆ, ಮಗಳ ಓದು, ವಿಮಲಾಬಾಯಿಯ ಮುಖದ ಮೇಲೊಂದು ನಗೆ.

"ಹುಡುಗೂರಾ" ಎಂದರು. ಧ್ವನಿ ಲಗ್ನದ ದಿನದ ಕೆಮ್ಮಿನಷ್ಟು ಸಣ್ಣದಾಗಿತ್ತು. "ಇದನ್ನ ಒಂದೊಂದು ಕಿಲೋ ತೂಗಿ ಹದಿನೆಂಟು ಟೇಬಲ್ಲಿಗೆ ಹಂಚ್ರಿ. ನಾಳೆ ಜಾಮ್ ಯಾರೂ ತಿನ್ನೂದಿಲ್ಲ. ಕೇಳ್ರಿ, ಯಾರೂ ತಿನ್ನೂದಿಲ್ಲ. ನಿಮ್ಮ ಸರ್ಟಿಫಿಕೇಟಿನ ಪ್ರಶ್ನಾ ಅದ, ನನ್ನ ನೌಕರಿ ಪ್ರಶ್ನಾ ಅದ."

ದಿಲಾವರ ಕೂಡ ನಗಲಿಲ್ಲ.

"ನಸೀರಾ, ತಕ್ಕಡಿ ತಗೋವಾ."

ನಸೀರಾ ತಕ್ಕಡಿಯ ಎರಡೂ ತಟ್ಟೆಗಳನ್ನು ಬಿಚ್ಚಿ, ಒಂದರ ಮೇಲೊಂದು ಇಟ್ಟು, ಬೀರುವಿನೊಳಗೆ ಸೇರಿಸಿ ಬಾಗಿಲು ಹಾಕಿದಳು.

"ತೂಗಂಗಿಲ್ರಿ, ಸರ."